ಮೂಗಿನ ಸದ್ದಲ್ಲ, ಹೊಟ್ಟೆಯ ಏರಿಳಿತ ನೋಡು

ನಿನ್ನೆ ರಾತ್ರಿ ಎರಡು ಗಂಟೆಗೆ ಗೌರಿಬಿದನೂರಿನಿಂದ ನೀನು ಫೋನ್ ಮಾಡಿ, ‘ಅಜ್ಜಿ, ಕೂಸಿನ ಮೂಗು ಕಟ್ಟಿದೆ, ಗೊರಗೊರ ಅಂತಿದ್ದಾನೆ, ಕಣ್ಣು ಮುಚ್ಚುತ್ತಲೇ ಎದ್ದು ಅಳ್ತಾನೆ’ ಅಂದಾಗ ನಾನು ಹೇಳಿದ್ದು ನಿನಗೆ ಅರ್ಧ ಕೇಳಿಸಿತು, ಅರ್ಧ ಅವನ ಅಳುವಿನಲ್ಲಿ ಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ. ಈ ಚಳಿಗಾಲದಲ್ಲಿ ಇದು ಒಂದೇ ರಾತ್ರಿಗೆ ಮುಗಿಯುವುದಿಲ್ಲ.

ಮೊದಲು ಅವನಿಗೆ ಯಾಕೆ ಅಷ್ಟು ಕಷ್ಟ ಅಂತ ತಿಳಿದುಕೋ. ಮೊದಲ ಕೆಲವು ತಿಂಗಳು ಕೂಸುಗಳು ಹೆಚ್ಚಾಗಿ ಮೂಗಿನಲ್ಲೇ ಉಸಿರಾಡುತ್ತವೆ. ಹೊಳ್ಳೆ ಕಿರಿದು, ಒಂದಿಷ್ಟು ಸಿಂಬಳ ಸಾಕು ದಾರಿ ಮುಚ್ಚಲು. ಹಾಲು ಕುಡಿಯುವಾಗ ಬಾಯಿಯೂ ತುಂಬಿರುತ್ತದೆ, ಹಾಗಾಗಿ ನಾಲ್ಕು ಗುಟುಕು ಎಳೆದು ಮೊಲೆ ಬಿಟ್ಟು ಅಳುತ್ತವೆ. ಹೊಟ್ಟೆ ತುಂಬದೆ ನಿದ್ದೆಯೂ ಬರುವುದಿಲ್ಲ. ಆದ್ದರಿಂದ ಮೂಗು ಬಿಡಿಸುವ ಕೆಲಸ ಮಲಗಿಸುವ ಹೊತ್ತಿಗಲ್ಲ, ಹಾಲಿಗೆ ಮೊದಲು.

ಮೆಡಿಕಲ್ ಅಂಗಡಿಯಲ್ಲಿ ಸಲೈನ್ ಮೂಗಿನ ಹನಿ ಕೇಳು. ಪೆಟ್ಟಿಗೆಯ ಮೇಲೆ ಸೋಡಿಯಂ ಕ್ಲೋರೈಡ್ ಅಂತ ಮಾತ್ರ ಇರಬೇಕು, ಅಂದರೆ ಬರೀ ಉಪ್ಪುನೀರು. ಕ್ಸೈಲೋಮೆಟಜೋಲಿನ್ ಅಥವಾ ಆಕ್ಸಿಮೆಟಜೋಲಿನ್ ಅಂತ ಇದ್ದರೆ ವಾಪಸ್ ಕೊಡು. ಡಬ್ಬಿ ನೋಡಲು ಒಂದೇ ಥರ ಕಂಡರೂ ಅದು ಬೇರೆಯದೇ ಔಷಧಿ, ಎಳೆಗೂಸಿಗೆ ಅಪಾಯ. ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ತಣುಪು ಕಳೆ. ಕೂಸನ್ನು ಅಂಗಾತ ಮಲಗಿಸಿ ಒಂದೊಂದು ಹೊಳ್ಳೆಗೆ ಒಂದೋ ಎರಡೋ ಹನಿ ಬಿಡು, ಒಂದು ನಿಮಿಷ ಕಾಯಿ, ಆಮೇಲೆ ಎತ್ತಿ ನೆಟ್ಟಗೆ ಹಿಡಿದುಕೋ. ಸೀನುತ್ತಾನೆ, ಅಳುತ್ತಾನೆ, ಸಿಂಬಳ ತಾನಾಗಿ ಹೊರಗೆ ಬರುತ್ತದೆ. ಒಗೆದ ಮೆತ್ತನೆ ಹತ್ತಿ ಬಟ್ಟೆಯ ತುದಿಯನ್ನು ಬತ್ತಿಯ ಹಾಗೆ ಹೊಸೆದು ಹೊಳ್ಳೆಯ ಬಾಯಲ್ಲಷ್ಟೇ ಒರೆಸು. ಇಯರ್‌ಬಡ್ ಒಳಗೆ ತೂರಿಸಬೇಡ. ಮಾಮೂಲಿ ಹಾಲನ್ನೇ ಸ್ವಲ್ಪ ಸ್ವಲ್ಪವಾಗಿ, ಹೆಚ್ಚು ಸಲ ಕೊಡು.

ಆಮೇಲೆ ಅಂಗಾತವಾಗಿಯೇ ಮಲಗಿಸು, ದಿಂಬು ಬೇಡ. ಸೀರೆಯ ಜೋಲಿಯಲ್ಲಿ ಗಲ್ಲ ಎದೆಗೆ ಬಾಗಿ ಉಸಿರಿನ ದಾರಿ ಇನ್ನೂ ಕಿರಿದಾಗುತ್ತದೆ, ನೆಗಡಿ ಇರುವಷ್ಟು ದಿನ ಜೋಲಿ ಬಿಡು. ತುಂಬಾ ಒದ್ದಾಡಿದರೆ ಹೆಗಲಿಗೆ ಹಾಕಿಕೊಂಡು ಮನೆಯೊಳಗೆ ಓಡಾಡು. ಆದರೆ ನಿನಗೇ ನಿದ್ದೆ ಎಳೆಯುತ್ತಿದ್ದರೆ ಕೂಸನ್ನು ಹಾಸಿಗೆಯಲ್ಲಿ ಮಲಗಿಸಿಬಿಡು.

ನಿಮ್ಮತ್ತೆಯವರು ಎರೆದ ಮೇಲೆ ಸಾಂಬ್ರಾಣಿ ಹೊಗೆ ಹಾಕುತ್ತಾರೆ ಅಂದೆ. ಪ್ರೀತಿಯಿಂದಲೇ ಮಾಡುತ್ತಾರೆ, ಜಗಳ ಆಡಬೇಡ, ಆದರೆ ಸದ್ಯಕ್ಕೆ ಬೇಡ ಅನ್ನು. ಹೊಗೆ ಯಾವುದಾದರೂ ಒಂದೇ, ಸೊಳ್ಳೆ ಬತ್ತಿಯಾಗಲಿ ಸೌದೆ ಒಲೆಯಾಗಲಿ, ಊದಿಕೊಂಡ ಮೂಗನ್ನು ಇನ್ನಷ್ಟು ಊದಿಸುತ್ತದೆ. ನಮ್ಮ ಶಿಡ್ಲಘಟ್ಟದ ಕಡೆ ಇನ್ನೊಂದಿದೆ: ಬೆಳೆಯಿಂದ ಬೆಳೆಗೆ ಹುಳು ಮನೆಗೆ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹೊಡೆಯುತ್ತಾರೆ. ಆ ವಾಸನೆ ನಮ್ಮ ಕಣ್ಣನ್ನೇ ಉರಿಸುವಾಗ ತೊಟ್ಟಿಲ ಕೂಸಿಗೆ ಹೇಗಿರಬೇಕು! ರಾತ್ರಿಯಲ್ಲಿ ಎಡೆಬಿಡದೆ ಕೆಮ್ಮುವ ಎಷ್ಟೋ ಮಕ್ಕಳನ್ನು ಅಂಥ ದಿನ ಬೇರೆ ಮನೆಯಲ್ಲಿ ಮಲಗಿಸಿದಾಗ ಕೆಮ್ಮು ಇಳಿದದ್ದನ್ನು ಕಂಡಿದ್ದೇನೆ.

ಮೂಗಿಗೆ ಎಣ್ಣೆ ಬಿಡುವುದನ್ನು ನಾನೂ ನಿಮ್ಮಮ್ಮನಿಗೆ ಮಾಡಿದ್ದೆ, ನನಗೆ ಯಾರೂ ಹೇಳಿರಲಿಲ್ಲ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಲ್ಲೇ ಉಳಿದು ನ್ಯುಮೋನಿಯಾ ಮಾಡುತ್ತದೆ ಅಂತ ಗೊತ್ತಾದದ್ದು ನರ್ಸ್ ತರಬೇತಿಗೆ ಹೋದಾಗ. ಕರ್ಪೂರ ಇರುವ ಬಾಮನ್ನು ಮೂಗಿಗೂ ಎದೆಗೂ ಹಚ್ಚಬೇಡ. ಒಂದು ವರ್ಷ ತುಂಬುವ ತನಕ ಜೇನು ನೆಕ್ಕಿಸಬೇಡ. ಕೆಮ್ಮಿನ ಸಿರಪ್ ಬೇಡವೇ ಬೇಡ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತಾಗ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿ ಕೊಡಬಾರದು ಅಂತ ಕೇಂದ್ರ ಸರ್ಕಾರವೇ ಹೇಳಿತು. ಕಲಬೆರಕೆ ಇಲ್ಲದ ಸಿರಪ್ಪಿನಿಂದಲೂ ಎಳೆಗೂಸಿನ ನೆಗಡಿಗೆ ಉಪಯೋಗವಿಲ್ಲ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದದ್ದು. ಗೊರಗೊರ ಸದ್ದು ತಾಯಿಯನ್ನು ಹೆದರಿಸುತ್ತದೆ, ಆದರೆ ಅದು ಮೂಗಿನ ಸದ್ದು. ಅಪಾಯ ಎದೆಗೆ ಇಳಿದಾಗ ಎಷ್ಟೋ ಸಲ ಸದ್ದೇ ಇರುವುದಿಲ್ಲ.

ನಾನು ಕೆಲಸದಲ್ಲಿದ್ದಾಗ ಒಂದು ಪುಷ್ಯ ಮಾಸದಲ್ಲಿ, ಗೂಡು ಬಿಡಿಸುತ್ತಿದ್ದ ಒಂದು ಮನೆಗೆ ಹೋಗಿದ್ದೆ. ಐದು ವಾರದ ಹೆಣ್ಣು ಕೂಸು, ನೆಗಡಿ ಶುರುವಾಗಿ ನಾಲ್ಕನೇ ದಿನ. ‘ನಿನ್ನೆವರೆಗೂ ಅಳ್ತಿತ್ತು ನರ್ಸಮ್ಮ, ಇವತ್ತು ಪರವಾಗಿಲ್ಲ, ಸುಮ್ಮನೆ ಮಲಗಿದೆ’ ಅಂದರು. ಮೈ ಬಿಸಿ ಇರಲಿಲ್ಲ. ಅಂಗಿ ಮೇಲೆತ್ತಿ ದೀಪ ಹತ್ತಿರ ತರಿಸಿದೆ. ಪ್ರತಿ ಉಸಿರಿಗೂ ಕೆಳಗಿನ ಪಕ್ಕೆಲುಬಿನ ಅಡಿ ಒಂದು ಗುಂಡಿ ಬಿದ್ದು ಮೇಲೇಳುತ್ತಿತ್ತು, ಹೊಳ್ಳೆಗಳು ಅರಳುತ್ತಿದ್ದವು. ಗಡಿಯಾರ ಹಿಡಿದು ಎಣಿಸಿದೆ, ನಿಮಿಷಕ್ಕೆ 66. ಮತ್ತೆ ಎಣಿಸಿದೆ, 64. ಬೆಳಗಿನಿಂದ ಎಷ್ಟು ಬಟ್ಟೆ ಒದ್ದೆ ಮಾಡಿದೆ ಅಂತ ಕೇಳಿದರೆ, ಒಂದೇ ಒಂದು. ಅಳು ನಿಂತದ್ದು ಸುಖಕ್ಕಲ್ಲ, ಅಳಲು ಶಕ್ತಿ ಇಲ್ಲದೆ. ಆ ಗಳಿಗೆಯಲ್ಲೇ ತಾಯಿಯ ಎದೆಗೆ ಅಂಟಿಸಿ ಬೆಚ್ಚಗೆ ಸುತ್ತಿ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನಾಲ್ಕು ದಿನ ಆಮ್ಲಜನಕ ಕೊಟ್ಟ ಮೇಲೆ ಕೂಸು ಮೊಲೆ ಹಿಡಿಯಿತು.

ನೀನೂ ಹಾಗೆಯೇ ಎಣಿಸು. ಕೂಸು ನಿದ್ದೆಯಲ್ಲಿರಬೇಕು ಇಲ್ಲವೇ ಸಮಾಧಾನವಾಗಿರಬೇಕು. ಅಳುವಾಗ, ಹಾಲು ಕುಡಿಯುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟು, ಹೊಟ್ಟೆ ಒಂದು ಸಲ ಏರಿ ಇಳಿದರೆ ಒಂದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡ, ಎಳೆಗೂಸಿನ ಉಸಿರು ಒಮ್ಮೆ ಓಡುತ್ತದೆ, ಒಮ್ಮೆ ನಾಲ್ಕೈದು ಸೆಕೆಂಡ್ ನಿಲ್ಲುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಬೇಕು, ಮತ್ತೆ ಅಷ್ಟೇ ಬಂದರೆ ಆಸ್ಪತ್ರೆ. ನಿನ್ನ ಮಗನಿಗೆ ಮೂರು ತಿಂಗಳು ತುಂಬಿದೆ, ಒಂದು ವರ್ಷದವರೆಗೆ ಅವನ ಗಡಿ 50. ನಿನ್ನೆ ಫೋನ್ ಹಿಡಿದುಕೊಂಡೇ ನೀನು ಎಣಿಸಿದಾಗ 42 ಬಂತು, ಪಕ್ಕೆ ಎಳೆಯುತ್ತಿಲ್ಲ ಅಂದೆ. ಅದಕ್ಕೇ ನಾನು ಬೆಳಗಿನ ತನಕ ಕಾಯಬಹುದು ಅಂದದ್ದು.

ಆದರೆ ಎಣಿಕೆ ಕಡಿಮೆ ಇದೆ ಅಂತ ಉಳಿದದ್ದನ್ನು ಮರೆಯಬಾರದು. ಪಕ್ಕೆ ಒಳಕ್ಕೆ ಎಳೆದರೆ, ಉಸಿರು ಬಿಡುವಾಗ ನರಳಿದರೆ, ಮಾಮೂಲಿನ ಅರ್ಧ ಹಾಲನ್ನೂ ಕುಡಿಯದಿದ್ದರೆ, ಒದ್ದೆ ಬಟ್ಟೆ ಕಡಿಮೆಯಾದರೆ, ಎಬ್ಬಿಸಿದರೂ ಕಣ್ಣು ಬಿಡದೆ ಜೋಲು ಬಿದ್ದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಬೇರೆ ಲಕ್ಷಣ ಇಲ್ಲದಿದ್ದರೂ ಹೋಗಬೇಕು. ತುಟಿ, ನಾಲಿಗೆ ನೀಲಿಗಟ್ಟಿದರೆ ಅಥವಾ ಉಸಿರು ತುಂಬಾ ಹೊತ್ತು ನಿಂತರೆ 108ಕ್ಕೆ ಫೋನ್ ಮಾಡು. ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿ ವಾಂತಿಯಾಗುತ್ತಿದ್ದರೆ ಅದು ನಾಯಿಕೆಮ್ಮೂ ಇರಬಹುದು, ಲಸಿಕೆಯ ಕಾರ್ಡ್ ಕೈಯಲ್ಲಿ ಹಿಡಿದು ಹೋಗು.

ಇವತ್ತು ಅವನಿಗೆ ನೆಗಡಿಯ ಎರಡನೇ ದಿನ. ಎದೆಗೆ ಇಳಿಯುವುದಿದ್ದರೆ ಸಾಮಾನ್ಯವಾಗಿ ಮೂರರಿಂದ ಐದನೇ ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಸಲ, ರಾತ್ರಿ ಮಲಗಿಸಿದ ಮೇಲೆ ಒಂದು ಸಲ ಎಣಿಸಿ ಕ್ಯಾಲೆಂಡರಿನ ಮೇಲೆ ಬರೆದಿಡು. ಫೋನ್ ಮಾಡಿದಾಗ ಆ ಸಂಖ್ಯೆಯನ್ನೇ ಮೊದಲು ಹೇಳು. ನನ್ನ ಫೋನು ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ.