ಸಿಹಿಗುಂಬಳದ ಎಲೆಯ ಮೇಲಿನ ಬಿಳಿ ಪುಡಿ

ಜತ್ತ ಸೀಮೆಯ ಒಂದು ಶಾಲೆಯ ಕೈತೋಟದಲ್ಲಿ ಜನವರಿಯ ಹೊತ್ತಿಗೆ ಸಿಹಿಗುಂಬಳದ ಬಳ್ಳಿ ಹಬ್ಬಿದೆ ಎಂದುಕೊಳ್ಳೋಣ. ಎಲೆಗಳಲ್ಲಿ ಬಿಳುಪು ಕಂಡ ಮಕ್ಕಳು, ಮನೆಯ ಹೊಲದಲ್ಲಿ ಕೇಳಿದ ಮರಾಠಿ ಮಾತಿನಲ್ಲಿ ‘ಭುರಿ’ ಬಿದ್ದಿದೆ ಎನ್ನುತ್ತಾರೆ. ಕನ್ನಡದಲ್ಲಿ ಇದೇ ಬೂದಿ ರೋಗ. ಆದರೆ ಬಿಳುಪೆಲ್ಲವೂ ರೋಗವಲ್ಲ. ಪಾಠವು ಇಲ್ಲಿಂದಲೇ ಆರಂಭವಾಗಬೇಕು.

ಮಕ್ಕಳು ಬಿಳಿ ಭಾಗವನ್ನು ಬೆರಳಿನಿಂದ ಮೆಲ್ಲನೆ ಉಜ್ಜಲಿ. ಬೆರಳಿಗೆ ಹಿಟ್ಟಿನಂತೆ ಅಂಟಿಕೊಂಡರೆ ಅದು ಬೂದಿ ರೋಗದ ಶಿಲೀಂಧ್ರ. ನರಗಳು ಕೂಡುವ ಮೂಲೆಗಳಲ್ಲಿ ಬೆಳ್ಳಿಯಂತೆ ಹೊಳೆಯುವ ಮಚ್ಚೆಗಳು ಉಜ್ಜಿದರೂ ಹೋಗವು. ಅವು ಕೆಲವು ತಳಿಗಳ ಸಹಜ ಬಣ್ಣ. ಎಲೆಯ ಮೇಲ್ಭಾಗದಲ್ಲಿ ನರಗಳ ನಡುವೆ ಮೂಲೆಮೂಲೆಯಾದ ಹಳದಿ ಕಲೆಗಳಿದ್ದು, ಮುಂಜಾನೆ ಅಡಿಭಾಗದಲ್ಲಿ ಬೂದುಬಣ್ಣದ ಬೂಷ್ಟು ಕಂಡರೆ ಅದು ಬೇರೆಯೇ ರೋಗ. ಅದಕ್ಕೆ ಎಲೆ ತೇವವಾಗಿರಬೇಕು. ಬೂದಿ ರೋಗಕ್ಕೆ ಆ ತೇವ ಬೇಡ. ಒಣ ಹಗಲು, ತಂಪು ರಾತ್ರಿ, ಗಾಳಿಯಾಡದ ದಟ್ಟ ಬಳ್ಳಿ ಇದ್ದರೆ ಸಾಕು. ಆದ್ದರಿಂದ ಮಳೆ ನಿಂತ ಮೇಲೆ ರೋಗದ ಭಯವಿಲ್ಲವೆಂಬ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಮೊದಲು ಹಿಡಿಯುವುದು ಬುಡದ ಹಳೆಯ ಎಲೆಗಳನ್ನು. ನೆರಳಿನಲ್ಲಿರುವ ಅಡಿಭಾಗವನ್ನು ಮಗುಚಿ ನೋಡದೆ ಆರಂಭ ತಿಳಿಯದು.

ನಾಲ್ಕಾರು ಎಲೆಗಳಲ್ಲಿ ಮಾತ್ರ ಚುಕ್ಕೆಗಳಿದ್ದರೆ ಅವನ್ನು ಕತ್ತರಿಸಿ ಹೂಳಿಬಿಡಬೇಕು. ಬಳಿಕ 100 ಮಿಲಿಲೀಟರ್ ಹಾಲನ್ನು 900 ಮಿಲಿಲೀಟರ್ ನೀರಿಗೆ ಬೆರೆಸಿ, ಬಿಸಿಲೇರುವ ಬೆಳಗಿನಲ್ಲಿ ಎಲೆಯ ಎರಡೂ ಬದಿ ತೋಯುವಂತೆ ವಾರಕ್ಕೊಮ್ಮೆ ಸಿಂಪಡಿಸಬಹುದು. ಒಂದು ಬಳ್ಳಿಗೆ ಬರಿಯ ನೀರನ್ನೇ ಸಿಂಪಡಿಸಿ ಬಿಟ್ಟರೆ ಹೋಲಿಕೆಗೆ ಆಧಾರ ದೊರೆಯುತ್ತದೆ. ಇಲ್ಲಿ ಒಂದು ತಪ್ಪು ಆಗಾಗ ಆಗುತ್ತದೆ: ಹಳೆಯ ಎಲೆ ಹಸಿರಾಗಲಿಲ್ಲವೆಂದು ಮಕ್ಕಳು ‘ಔಷಧ ಸೋತಿತು’ ಎಂದು ಬರೆಯುತ್ತಾರೆ. ಹಳದಿಗಟ್ಟಿದ ಎಲೆ ಮರಳಿ ಹಸಿರಾಗದು. ಹೊಸ ಎಲೆಗಳು ಶುಭ್ರವಾಗಿವೆಯೇ ಎಂಬುದನ್ನೇ ನೋಡಬೇಕು.

ರೋಗ ಅರ್ಧ ಬಳ್ಳಿಗೆ ಹರಡಿದ ಮೇಲೆ ಹಾಲಿನಿಂದ ಹೆಚ್ಚು ಪ್ರಯೋಜನವಿಲ್ಲ. ರೈತರು ಆಗ ನೀರಿನಲ್ಲಿ ಬೆರೆಯುವ ಗಂಧಕದ ಪುಡಿಯನ್ನು ಬಳಸುತ್ತಾರೆ. ಪೊಟ್ಟಣದ ಮೇಲಿನ ಪ್ರಮಾಣವನ್ನು ಮೀರಕೂಡದು. ಸಿಂಪಡಣೆ ಹಿರಿಯರ ಕೆಲಸವೇ ಹೊರತು ಮಕ್ಕಳದಲ್ಲ. ಸೌತೆ, ಕುಂಬಳಗಳ ಎಲೆ ಗಂಧಕಕ್ಕೆ ಸೂಕ್ಷ್ಮ. ಸುಡುಬಿಸಿಲಿನಲ್ಲಿ ಸಿಂಪಡಿಸಿದರೆ ಅಂಚು ಸುಟ್ಟು ಕಂದಾಗುತ್ತದೆ, ಬೇವಿನೆಣ್ಣೆಯ ಸಿಂಪಡಣೆಯಾಗಿ ಎರಡು ವಾರ ಕಳೆಯುವ ಮುನ್ನ ಬಳಸಿದರೂ ಹಾಗೆಯೇ. ಮೊದಲು ಎರಡು ಎಲೆಗಳ ಮೇಲೆ ಪ್ರಯೋಗಿಸಿ, ಎರಡು ದಿನ ಕಾದು ನೋಡುವುದು ಕ್ಷೇಮ.

ಇಂಥ ಬಳ್ಳಿಯ ಕಾಯಿಯನ್ನು ತೊಳೆದು ತಿನ್ನಬಹುದು. ಎಲೆಗಳು ಬೇಗನೆ ಒಣಗಿದ್ದರೆ ಮಾತ್ರ ಅದು ಚಿಕ್ಕದಾಗಿ, ಸಿಹಿ ಕಡಿಮೆಯಾಗಿ, ನೆರಳು ತಪ್ಪಿದ ಬದಿಯಲ್ಲಿ ಬಿಸಿಲಿಗೆ ಬೆಂದಿರುತ್ತದೆ.