ತಪ್ಪಿನ ಮರುಗಳಿಗೆ: ಮನಸ್ಸಿನ ಎರಡು ದನಿಗಳು

ತಪ್ಪು ಮಾಡಿದಾಗ ತನ್ನನ್ನು ತಾನು ಬಲವಾಗಿ ಬೈದುಕೊಳ್ಳದವನು ಎಂದಿಗೂ ತಿದ್ದಿಕೊಳ್ಳಲಾರನು ಎಂಬುದು ಬಹುಮಂದಿಯ ನಂಬಿಕೆ. ಬೈಗುಳವು ಚಾಟಿಯಂತೆ ಮನಸ್ಸನ್ನು ಮುಂದಕ್ಕೆ ಓಡಿಸುವುದೆಂದೂ, ದಯೆಯು ಅದನ್ನು ಸೋಮಾರಿಯಾಗಿಸುವುದೆಂದೂ ನಾವು ಭಾವಿಸುತ್ತೇವೆ. ಈ ನಂಬಿಕೆ ನಿಜವೆ? ಇದನ್ನು ಪ್ರಯೋಗದಿಂದ ಪರೀಕ್ಷಿಸಲು ಸಾಧ್ಯವೆ?

ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆಯರಾದ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ ಅಂತಹ ಪರೀಕ್ಷೆಗಳನ್ನು ನಡೆಸಿ, 2012ರಲ್ಲಿ ಪ್ರಕಟಿಸಿದರು. ಅವುಗಳಲ್ಲೊಂದರಲ್ಲಿ ವಿದ್ಯಾರ್ಥಿಗಳಿಗೆ ಶಬ್ದಜ್ಞಾನದ ಬಹು ಕಠಿಣವಾದ ಪ್ರಶ್ನಪತ್ರಿಕೆಯೊಂದನ್ನು ಕೊಡಲಾಯಿತು. ಅನಂತರ ಅವರನ್ನು ಮೂರು ತಂಡಗಳಾಗಿ ವಿಂಗಡಿಸಿದರು. ಇಂತಹ ಪರೀಕ್ಷೆ ಅನೇಕರಿಗೆ ಕಷ್ಟವಾಗುತ್ತದೆ, ನಿಮ್ಮನ್ನು ನೀವು ಕಠಿನವಾಗಿ ಕಾಣಬೇಡಿ ಎಂದು ಮೊದಲನೆಯ ತಂಡಕ್ಕೆ ಹೇಳಿದರು. ಈ ವಿಶ್ವವಿದ್ಯಾಲಯಕ್ಕೆ ಸೇರಿರುವಿರಾದ್ದರಿಂದ ನೀವು ಬುದ್ಧಿವಂತರೇ ಇರಬೇಕು ಎಂದು ಎರಡನೆಯ ತಂಡವನ್ನು ಹೊಗಳಿದರು. ಮೂರನೆಯ ತಂಡಕ್ಕೆ ಏನನ್ನೂ ಹೇಳಲಿಲ್ಲ. ಬಳಿಕ ಎರಡನೆಯ ಪರೀಕ್ಷೆಗೆ ಮುನ್ನ, ಪದಗಳ ಪಟ್ಟಿಯೊಂದನ್ನು ಇಷ್ಟಬಂದಷ್ಟು ಹೊತ್ತು ಓದಿಕೊಳ್ಳಲು ಎಲ್ಲರಿಗೂ ಅವಕಾಶವಿತ್ತು.

ಯಾರು ಹೆಚ್ಚು ಹೊತ್ತು ಓದಿದರು? ದಯೆಯ ಮಾತನ್ನು ಕೇಳಿದ ಮೊದಲನೆಯ ತಂಡದವರು. ದಯೆಯು ಅವರನ್ನು ಸೋಮಾರಿಗಳನ್ನಾಗಿ ಮಾಡಲಿಲ್ಲ. ಹೊಗಳಿಕೆಯೂ ಅದರಷ್ಟು ಕೆಲಸ ಮಾಡಲಿಲ್ಲವೆಂಬುದನ್ನು ಗಮನಿಸಬೇಕು.

ಇದರ ಕಾರಣವನ್ನು ಒಂದು ಲೆಕ್ಕದಿಂದ ತಿಳಿಯೋಣ. ವಿದ್ಯಾರ್ಥಿಯೊಬ್ಬನು x² − 5x + 6 = 0 ಎಂಬ ಸಮೀಕರಣವನ್ನು (x − 2)(x − 3) = 0 ಎಂದು ಸರಿಯಾಗಿಯೇ ಅಪವರ್ತಿಸಿ, ಉತ್ತರವನ್ನು ಮಾತ್ರ −2 ಮತ್ತು −3 ಎಂದು ಬರೆದನೆನ್ನೋಣ. ಇದೇ ಜಾತಿಯ ಮೂರು ಲೆಕ್ಕಗಳಲ್ಲಿಯೂ ಅವನಿಗೆ ಅಂಕಗಳು ಹೋದುವು. ಆಗ ಒಳಗಿನ ಕಠೋರ ದನಿ, “ನಿನಗೆ ಗಣಿತ ಬರುವುದಿಲ್ಲ, ನೀನು ದಡ್ಡ” ಎನ್ನುತ್ತದೆ. ಇದು ತಪ್ಪಿನ ವಿಮರ್ಶೆಯಲ್ಲ, ವ್ಯಕ್ತಿಯ ಮೇಲಣ ತೀರ್ಪು. ತೀರ್ಪಾದ ಮೇಲೆ ಮಾಡುವುದಕ್ಕೆ ಏನು ತಾನೆ ಉಳಿಯಿತು? ಉತ್ತರಪತ್ರಿಕೆಯನ್ನು ಕಂಡರೇ ನೋವಾಗುವುದರಿಂದ ಅವನು ಅದನ್ನು ಪೆಟ್ಟಿಗೆಯ ತಳಕ್ಕೆ ಸೇರಿಸುತ್ತಾನೆ. ತಪ್ಪು ಹಾಗೆಯೇ ಉಳಿಯುತ್ತದೆ.

ಸೌಮ್ಯವಾದ ದನಿ ಬೇರೆ ಬಗೆಯಾಗಿ ನುಡಿಯುತ್ತದೆ: “ಬೇಸರವಾಗಿದೆ, ನಿಜ. ಚಿಹ್ನೆಯಲ್ಲಿ ಎಡವುವವರು ಹಲವರಿದ್ದಾರೆ. ಎಲ್ಲಿ ಜಾರಿತೆಂದು ನೋಡೋಣ.” ಈಗ ಪತ್ರಿಕೆ ತೆರೆದುಕೊಳ್ಳುತ್ತದೆ. ಸಮೀಕರಣದಲ್ಲಿ x ಇರುವೆಡೆ −2ನ್ನು ಇಟ್ಟರೆ 4 + 10 + 6, ಅಂದರೆ 20 ಬರುತ್ತದೆ, ಸೊನ್ನೆಯಲ್ಲ. x − 2 ಸೊನ್ನೆಯಾಗಬೇಕಾದರೆ x ಎಂಬುದು 2 ಆಗಿರಬೇಕೆಂಬುದು ಆಗ ಹೊಳೆಯುತ್ತದೆ. ಮೂರು ಲೆಕ್ಕಗಳಲ್ಲಿದ್ದುದು ಒಂದೇ ತಪ್ಪು. ಇದನ್ನು ತಿದ್ದಲು ಹತ್ತು ನಿಮಿಷ ಸಾಕು.

ಆ ಮೂರು ಪುಟ್ಟ ವಾಕ್ಯಗಳಲ್ಲಿ ಮೂರು ಅಂಶಗಳಿವೆ. ನೋವನ್ನು ಮುಚ್ಚಿಡದೆ, ಹಿಗ್ಗಿಸದೆ ಇದ್ದಂತೆ ಕಾಣುವುದು. ತಪ್ಪುವುದು ಮಾನವಸಹಜವೆಂದು ನೆನೆಯುವುದು. ಗೆಳೆಯನೊಡನೆ ಆಡುವಂತೆ ತನ್ನೊಡನೆಯೂ ಆಡುವುದು. 2003ರಲ್ಲಿ ಕ್ರಿಸ್ಟಿನ್ ನೆಫ್ ಎಂಬ ಮನಶ್ಶಾಸ್ತ್ರಜ್ಞೆ ‘ಆತ್ಮಕರುಣೆ’ಯನ್ನು ಈ ಮೂರರ ಕೂಟವೆಂದೇ ವಿವರಿಸಿದರು. ‘ಅಯ್ಯೋ, ನನಗೊಬ್ಬನಿಗೇ ಹೀಗಾಯಿತೆ!’ ಎಂಬ ಗೋಳಾಟದಲ್ಲಿ ಎರಡನೆಯ ಅಂಶವೇ ಇಲ್ಲ. ಆದ್ದರಿಂದ ಅದು ಆತ್ಮಕರುಣೆಯಲ್ಲ.

ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ 119 ವಿದ್ಯಾರ್ಥಿಗಳ ಮೇಲೆ ನಡೆದು, 2010ರಲ್ಲಿ ಪ್ರಕಟವಾದ ಅಧ್ಯಯನವೂ ಇದಕ್ಕೆ ಹೊಂದುತ್ತದೆ. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದವರಲ್ಲಿ, ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಮೆ ಮುಂದೂಡಿದರು. ಕ್ಷಮೆಯಿಂದ ಮನಸ್ಸಿನ ಕಹಿ ತಗ್ಗಿ, ಪುಸ್ತಕದಿಂದ ದೂರ ಓಡುವ ಹಂಬಲವೂ ತಗ್ಗಿತೆಂದು ಸಂಶೋಧಕರು ವಿವರಿಸಿದರು.

ಆದರೆ ಈ ಫಲಿತಾಂಶಗಳ ಎಲ್ಲೆಯನ್ನು ಮರೆಯಬಾರದು. ಬರ್ಕ್‌ಲಿಯ ಪ್ರಯೋಗ ತೋರಿಸಿದುದು ಒಂದು ಸಲದ ಓದಿನ ಹೊತ್ತನ್ನೇ ಹೊರತು ವರ್ಷಾಂತ್ಯದ ಅಂಕಗಳನ್ನಲ್ಲ. ಕಾರ್ಲ್‌ಟನ್ನಿನಲ್ಲಿ ಯಾರಿಗೂ ಕ್ಷಮೆಯನ್ನು ಕಲಿಸಲಿಲ್ಲ. ಇದ್ದುದನ್ನು ಅಳೆದರು, ಅಷ್ಟೆ.

ನಮ್ಮ ಒಳದನಿ ನಿಜವಾದ ಕರುಣೆಯೋ, ಬರಿಯ ನೆಪವೋ ಎಂದು ತಿಳಿಯುವುದು ಹೇಗೆ? “ಪರವಾಗಿಲ್ಲ, ಪ್ರಶ್ನಪತ್ರಿಕೆಯೇ ಸರಿಯಿರಲಿಲ್ಲ” ಎಂಬ ಮಾತೂ ಮೃದುವಾಗಿಯೇ ಕೇಳಿಸುತ್ತದೆ. ಆದರೆ ಅದರ ಬಳಿಕವೂ ಉತ್ತರಪತ್ರಿಕೆ ಪೆಟ್ಟಿಗೆಯ ತಳದಲ್ಲಿಯೇ ಉಳಿಯುತ್ತದೆ. ಯಾವ ಮಾತಿನ ಬಳಿಕ ನಾವು ಅದನ್ನು ಹೊರತೆಗೆದು ತಪ್ಪಿದ ಸಾಲಿನ ಮೇಲೆ ಬೆರಳಿಡುತ್ತೇವೆಯೋ ಅದೇ ಕರುಣೆಯ ಮಾತು.