‘ಒಂಬತ್ತು ಎರಡು ಹನ್ನೊಂದು’ ಎಂದರೆ ಎಷ್ಟು ಗ್ರಾಂ?

ಕೊಟ್ಟೂರಿನ ಗೊಬ್ಬರದ ಅಂಗಡಿಯಲ್ಲಿ ಕೂತ ನನ್ನಂಥವರಿಗೆ ಬೀಜ, ಗೊಬ್ಬರ, ಎಣ್ಣೆ ಮಾರುವುದಷ್ಟೇ ಕೆಲಸವಲ್ಲ. ಗೋಡೆಯ ಮೇಲಿನ ಪೋಸ್ಟರ್ ಏನು ಹೇಳುತ್ತದೆ ಎಂಬುದನ್ನೂ ಬಿಡಿಸಿ ಹೇಳಬೇಕು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯ ಹೊಲಗಳಲ್ಲಿ ಈಗ ಮೆಕ್ಕೆಜೋಳದ್ದೇ ಮೇಲುಗೈ. 2018ರಲ್ಲಿ ಫಾಲ್ ಸೈನಿಕ ಹುಳು ಶಿವಮೊಗ್ಗದ ಕಡೆ ಕಾಣಿಸಿಕೊಂಡು ರಾಜ್ಯವೆಲ್ಲ ಹಬ್ಬಿದ ಮೇಲೆ ಅದರ ಎಣ್ಣೆಯ ಪೋಸ್ಟರುಗಳೂ ಹೆಚ್ಚಿದವು. ಬಹಳಷ್ಟು ಹಿಂದಿಯಲ್ಲಿ ಹುಟ್ಟಿದವು, ಅಕ್ಷರ ಮಾತ್ರ ಕನ್ನಡದವು.

ಅಂಥದ್ದೊಂದು ಪೋಸ್ಟರಿನಲ್ಲಿ ಸುಳಿಯೊಳಗೆ ಕೂತ ಹುಳುವಿನ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ: ‘ಹುಳುಗಳು ಒಂಬತ್ತು ಎರಡು ಹನ್ನೊಂದು!’ ವಯಸ್ಸಾದ ರೈತರೊಬ್ಬರು ಅದನ್ನೇ ನೋಡುತ್ತಾ ನಿಂತು ಕೇಳಿದರು: “ತಮ್ಮಾ, ಪಂಪಿಗೆ ಒಂಬತ್ತು ಗ್ರಾಮ್ ಹಾಕ್ಬೇಕೋ, ಹನ್ನೊಂದೋ? ನಡುವಿನ ಎರಡು ಏನು, ಎರಡು ಸಲ ಹೊಡೀಬೇಕಂತನಾ?”

ಅವರ ಪ್ರಶ್ನೆಯಲ್ಲಿ ತಪ್ಪೇ ಇರಲಿಲ್ಲ. ಎಣ್ಣೆಯ ಪೋಸ್ಟರಿನಲ್ಲಿ ಅಂಕಿ ಕಂಡರೆ ರೈತ ಅದನ್ನು ಪ್ರಮಾಣ ಎಂದೇ ಓದುತ್ತಾನೆ, ಓದಬೇಕಾದದ್ದೂ ಹಾಗೆಯೇ. “ಅಜ್ಜಾ, ಅದು ಲೆಕ್ಕ ಅಲ್ಲ, ಹಿಂದಿಯ ಮಾತು” ಎಂದೆ. ‘ನೌ ದೋ ಗ್ಯಾರಹ್’ ಎಂದರೆ ಓಡಿಹೋಗುವುದು. 1957ರಲ್ಲಿ ಆ ಹೆಸರಿನ ದೇವಾನಂದ್ ಸಿನಿಮಾವೂ ಬಂದಿತ್ತು. ನಾವು ‘ಕಾಲಿಗೆ ಬುದ್ಧಿ ಹೇಳಿತು’ ಅನ್ನುವ ಕಡೆ ಅವರು ಹಾಗನ್ನುತ್ತಾರೆ.

ಅಜ್ಜನಿಗೆ ಹಿಂದಿಯ ಮಾತು ತಿಳಿಯಿತು, ಆದರೆ ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಹುಳು ಓಡಿಹೋಗುತ್ತದೆಯೇ? ಇಲ್ಲ. ಆ ಪೋಸ್ಟರಿನದು ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ. ಹುಳು ಅದು ಬಿದ್ದ ಎಲೆಯನ್ನು ತಿಂದರೆ ಕೆಲವು ಗಂಟೆಗಳಲ್ಲಿ ಮೇಯುವುದನ್ನು ನಿಲ್ಲಿಸುತ್ತದೆ, ಸಾಯುವುದಕ್ಕೆ ಎರಡು ಮೂರು ದಿನ ಬೇಕು. ಓಡಿಹೋಗುತ್ತದೆ ಎಂದು ನಂಬಿದವರು ಮರುದಿನ ಸುಳಿ ಬಿಚ್ಚಿ ನೋಡಿ, ಹುಳು ಅಲ್ಲೇ ಇದೆಯಲ್ಲ ಎಂದು ಇನ್ನೊಮ್ಮೆ ಹೊಡೆಯುತ್ತಾರೆ. ದುಡ್ಡೂ ಹಾಳು, ವಿಷವೂ ಹೆಚ್ಚು. ಅದಕ್ಕೇ ‘ಕಾಲಿಗೆ ಬುದ್ಧಿ ಹೇಳುತ್ತೆ’ ಎಂದು ಅಚ್ಚಗನ್ನಡಕ್ಕೆ ತಿರುಗಿಸಿದ್ದರೂ ಈ ಪೋಸ್ಟರ್ ಸರಿಹೋಗುತ್ತಿರಲಿಲ್ಲ. ಒಂದು ಚೀಟಿಯಲ್ಲಿ ‘ಹುಳು ಮೇಯೋದು ನಿಲ್ಲಿಸುತ್ತೆ, ಮೂರು ದಿನ ಕಾಯಿರಿ. ಲೀಟರಿಗೆ 0.4 ಗ್ರಾಂ, 16 ಲೀಟರಿನ ಪಂಪಿಗೆ 6.4 ಗ್ರಾಂ’ ಎಂದು ಬರೆದು ಕೆಳಗೆ ಅಂಟಿಸಿದೆ. ಒಂಬತ್ತೂ ಅಲ್ಲ, ಹನ್ನೊಂದೂ ಅಲ್ಲ.

ಸೂರ್ಯಕಾಂತಿಯ ಟಾನಿಕ್ಕಿನ ಪೋಸ್ಟರ್ ಇದಕ್ಕಿಂತ ತೊಡಕಿನದು. ‘ನಿಮ್ಮ ಬೆಳೆಗೆ ಚಿನ್ನದ ಮೇಲೆ ಬಿಳಿಗಾರ’ ಎಂದಿತ್ತು. ಬಿಳಿಗಾರ ಎಂದರೆ ಬೋರಾಕ್ಸ್. ಅಕ್ಕಸಾಲಿಗರು ಬೆಸುಗೆ ಹಾಕುವಾಗ ಅದನ್ನು ಹಚ್ಚಿದರೆ ಲೋಹದ ಮೇಲಿನ ಕೊಳೆ ಕರಗಿ, ಬೆಸುಗೆ ಸಲೀಸಾಗಿ ಹರಿಯುತ್ತದೆ. ‘ಸೋನೇ ಪೇ ಸುಹಾಗಾ’ ಎಂಬ ಹಿಂದಿ ಮಾತು ಬಂದಿರುವುದು ಆ ಕುಲುಮೆಯಿಂದ: ಚೆನ್ನಾಗಿರುವುದು ಇನ್ನೂ ಚೆನ್ನಾಯಿತು ಎಂದು ಅರ್ಥ. ಆದರೆ ನಮ್ಮ ರೈತರಿಗೆ ಬೋರಾಕ್ಸ್ ಹೊಲದ ವಸ್ತು. ಸೂರ್ಯಕಾಂತಿ ಹೂವಿನ ಅಂಚಿನ ಹಳದಿ ದಳ ಬಿಚ್ಚುವ ಹೊತ್ತಿಗೆ ಲೀಟರಿಗೆ 2 ಗ್ರಾಂ ಬೋರಾಕ್ಸ್ ಬೆರೆಸಿ ತೆನೆಗೆ ಸಿಂಪಡಿಸಿದರೆ ಕಾಳು ಚೆನ್ನಾಗಿ ಕಟ್ಟುತ್ತದೆ. ಪೋಸ್ಟರ್ ಓದಿದ ಇಬ್ಬರು, ಟಾನಿಕ್ಕಿನೊಳಗೇ ಬೋರಾಕ್ಸ್ ಇದೆಯೆಂದು ತಿಳಿದು ಬೇರೆ ಬೋರಾಕ್ಸ್ ಕೊಳ್ಳದೆ ಹೊರಟಿದ್ದರು. ಡಬ್ಬಿಯ ಮೇಲೆ ಬೋರಾನ್ ಎಂಬ ಹೆಸರೇ ಇರಲಿಲ್ಲ. ಅವರನ್ನು ಕರೆದು ಡಬ್ಬಿ ತೋರಿಸಿದೆ. ‘ಚಿನ್ನಕ್ಕೆ ಕುಂದಣ ಇಟ್ಟಂತೆ’ ಎಂದು ಬರೆದಿದ್ದರೆ ಯಾರೂ ಅಂಗಡಿಯಲ್ಲಿ ಕುಂದಣ ಕೇಳುತ್ತಿರಲಿಲ್ಲ.

ಎಲ್ಲ ಮಾತೂ ಹೀಗೆ ಕಾಡುವುದಿಲ್ಲ. ‘ಐದೂ ಬೆರಳು ತುಪ್ಪದಲ್ಲಿ’ ಎಂಬ ಬೀಜದ ಪೋಸ್ಟರನ್ನು ನಾನು ಹಾಗೇ ಬಿಟ್ಟಿದ್ದೇನೆ. ನಮ್ಮ ‘ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು’ ಅದರ ಪಕ್ಕದ್ದೇ, ಓದಿದವರು ಅಂದಾಜಿನಲ್ಲೇ ಲಾಭದ ಮಾತು ಎಂದು ಹಿಡಿಯುತ್ತಾರೆ, ತಪ್ಪು ತಿಳಿದರೂ ಹೊಲಕ್ಕೆ ನಷ್ಟವಿಲ್ಲ. ಅಂಕಿ, ರಾಸಾಯನಿಕದ ಹೆಸರು, ದಿನದ ಲೆಕ್ಕ ನುಸುಳಿದ ಮಾತುಗಳನ್ನು ಮಾತ್ರ ಬಿಡುವಂತಿಲ್ಲ. ಸಾಲೊಂದು ಅರ್ಥವಾಗದಿದ್ದರೆ ನಾನು ಅದನ್ನು ಪದಕ್ಕೆ ಪದ ಹಿಂದಿಗೆ ಮರಳಿಸಿ, ಹಿಂದಿ ಬಲ್ಲವರ ಮುಂದೆ ಗಟ್ಟಿಯಾಗಿ ಓದುತ್ತೇನೆ. ಗಾದೆಯಾಗಿದ್ದರೆ ಅವರಿಗೆ ತಕ್ಷಣ ಹೊಳೆಯುತ್ತದೆ. ಹೊಳೆಯದಿದ್ದರೆ ಕಂಪನಿಯವರಿಗೆ ಫೋನ್ ಮಾಡುತ್ತೇನೆ.

ರೈತ ಬಂಧುಗಳಲ್ಲಿ ಒಂದು ಮಾತು. ಪೋಸ್ಟರ್ ಮಾರಾಟಕ್ಕೆ ಬರೆದದ್ದು, ಅದರಿಂದ ಪ್ರಮಾಣ ಹಿಡಿಯಬೇಡಿ. ಕೀಟನಾಶಕದ ಪೊಟ್ಟಣದೊಳಗೆ ಮಡಚಿಟ್ಟ ಹಾಳೆಯಲ್ಲಿ ಇಂಗ್ಲಿಷ್, ಹಿಂದಿಯ ಜೊತೆ ಆ ಪ್ರದೇಶದ ಭಾಷೆಯೂ ಇರಬೇಕೆಂದು ಕೀಟನಾಶಕ ನಿಯಮಗಳೇ ಹೇಳುತ್ತವೆ. ಆ ಹಾಳೆಯನ್ನು ಅಂಗಡಿಯಲ್ಲೇ ಬಿಚ್ಚಿಸಿ, ಓದಿಸಿಕೊಂಡೇ ಮನೆಗೆ ಹೋಗಿ.